ಒಂದು ಮನೆ ಉಳಿಯುತ್ತಲೇ ಇತ್ತು

ಕಳೆದ ಟರ್ಮಿನಲ್ಲಿ ಒಂದು ದಿನ ಬಿಸಿನೆಸ್ ಸ್ಟಡೀಸ್ ಪಿರಿಯಡ್ ಖಾಲಿ ಇತ್ತು. ನನ್ನ ಬೆಂಚಿನ ಗೆಳತಿ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೂರು ಸಾಲು, ನಾಲ್ಕು ಕಂಬದ ಹನ್ನೆರಡು ಮನೆ ಗೀಚಿ, "ಇದರಲ್ಲಿ ಚೆಸ್ ಕುದುರೆಯನ್ನು ಓಡಿಸು. ಎಲ್ಲ ಮನೆಗೂ ಒಂದೊಂದು ಸಲ ಹೋಗಬೇಕು, ಹೋದ ಮನೆಗೆ ಮತ್ತೆ ಹೋಗಬಾರದು" ಎಂದಳು. ಸ್ವಲ್ಪ ಹೊತ್ತು ತಿಣುಕಾಡಿ ಮಾಡಿಬಿಟ್ಟೆ. ಮನೆಗಳಿಗೆ ಸಾಲಾಗಿ 1ರಿಂದ 12ರವರೆಗೆ ನಂಬರ್ ಕೊಟ್ಟರೆ ನನ್ನ ದಾರಿ ಹೀಗಿತ್ತು: 8, 10, 1, 7, 9, 2, 11, 4, 6, 12, 3, 5. ಬೇಕಾದರೆ ನೀವೂ ಬರೆದು ನೋಡಬಹುದು.

ಆಗ ಅವಳು ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಈಗ ನಾಲ್ಕಕ್ಕೆ ನಾಲ್ಕು, ಒಟ್ಟು ಹದಿನಾರು ಮನೆ.

1 2 3 4
5 6 7 8
9 10 11 12
13 14 15 16

"ಈಗ ಮಾಡು."

ಬೆಲ್ ಹೊಡೆಯಿತು, ಆಗಲಿಲ್ಲ. ಬಸ್ಸಿನಲ್ಲಿ ಕೂತು ಮಾಡಿದೆ, ಆಗಲಿಲ್ಲ. ಹದಿನೈದು ಮನೆಯವರೆಗೆ ಬರುತ್ತಿತ್ತು. 1, 7, 16, 10, 3, 5, 14, 12, 6, 4, 11, 2, 9, 15, 8. ನೋಡಿದರೆ 13 ಒಂದೇ ಉಳಿದಿರುತ್ತಿತ್ತು. ಬೇರೆ ದಾರಿ ಹಿಡಿದರೆ 13 ಸಿಗುತ್ತಿತ್ತು, ಇನ್ನೊಂದು ಮೂಲೆ ಬಿಟ್ಟುಹೋಗುತ್ತಿತ್ತು. ಎಂಟು ಹತ್ತು ದಿನ ಹೀಗೇ ನಡೆದು, ಕೊನೆಗೆ ಗೆಳತಿಗೆ "ಇದು ಆಗಲ್ಲ ಬಿಡು" ಎಂದು ಹೇಳಿಬಿಟ್ಟೆ. ಅವಳು ನಂಬಿದಳು. ತನ್ನ ತಮ್ಮನಿಗೂ ಹಾಗೇ ಹೇಳಿದಳಂತೆ.

ನಮ್ಮ ಮನೆಯಲ್ಲಿ ದಾದಾ ಶತರಂಜ್ ಆಡುತ್ತಾರೆ. ಅವರಿಗೆ ಕುದುರೆ ಎಂದರೆ ಘೋಡಾ, ಅದರ ನಡೆ ಢಾಯಿ ಘರ್, ಅಂದರೆ ಎರಡೂವರೆ ಮನೆ. ಅವರಿಗೆ ಹಾಳೆ ತೋರಿಸಿ ಇದು ಆಗುವುದಿಲ್ಲ ಎಂದೆ. ಅವರು ಕನ್ನಡಕ ಏರಿಸಿ ನೋಡಿ ಒಂದೇ ಮಾತು ಕೇಳಿದರು: "ತುಜ್‌ಸೆ ನೈ ಹುವಾ ಕಿ ಹೋತಾಚ್ ನೈ?" ನಿನ್ನಿಂದ ಆಗಲಿಲ್ಲವೋ, ಆಗುವುದೇ ಇಲ್ಲವೋ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ಹಾಳೆ ತುಂಬಿಸಿದ್ದೆ, ಆದರೆ ಆ ಇಪ್ಪತ್ತು ಹಾಳೆಯೂ ಹೇಳುತ್ತಿದ್ದದ್ದು ಮೊದಲನೇ ಮಾತನ್ನು ಮಾತ್ರ. ಇಪ್ಪತ್ತೊಂದನೆಯ ಹಾಳೆಯಲ್ಲಿ ದಾರಿ ಇರಬಾರದು ಎಂದೇನಿದೆ? ನಾನು ಗೆಳತಿಗೆ ಹೇಳಿದ್ದು ಗೊತ್ತಿಲ್ಲದ ಮಾತು. ಈ ಲೇಖನ ಆ ಒಂದು ಪ್ರಶ್ನೆಯ ಬಗ್ಗೆ.

ಮರುದಿನ ಹಾಳೆಯನ್ನು ನಮ್ಮ ಸ್ಟ್ಯಾಟಿಸ್ಟಿಕ್ಸ್ ಮಿಸ್‌ಗೆ ತೋರಿಸಿದೆ. ಅವರು ನೇರ ಉತ್ತರ ಕೊಡಲಿಲ್ಲ. ಹದಿನಾರು ಮನೆಗೆ ಹದಿನಾರು ಚುಕ್ಕಿ ಇಟ್ಟು, ಕುದುರೆ ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಹಾರಬಹುದೋ ಅಲ್ಲೆಲ್ಲ ಗೆರೆ ಎಳೆಯಲು ಹೇಳಿದರು. ಮೂಲೆಯ ನಾಲ್ಕು ಚುಕ್ಕಿಗಳಿಗೆ ಎರಡೆರಡು ಗೆರೆ ಬಂದವು. ಅಂಚಿನ ಉಳಿದ ಎಂಟು ಚುಕ್ಕಿಗಳಿಗೆ ಮೂರು ಮೂರು. ನಡುವಿನ ನಾಲ್ಕಕ್ಕೆ ನಾಲ್ಕು ನಾಲ್ಕು. ಒಟ್ಟು 24 ಗೆರೆ. ಹೀಗೆ ಚುಕ್ಕಿ ಮತ್ತು ಗೆರೆ ಸೇರಿದ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎನ್ನುತ್ತಾರಂತೆ. ನಾವು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬರೆಯುವ ಗ್ರಾಫ್ ಬೇರೆ, ಇದು ಬೇರೆ.

"ಈಗ ಎರಡು ಪ್ರಶ್ನೆ ಕೇಳುತ್ತೇನೆ," ಎಂದರು ಮಿಸ್. "ಒಂದು, ಪೆನ್ನು ಎತ್ತದೆ ಈ 24 ಗೆರೆಗಳ ಮೇಲೂ ಒಂದೊಂದೇ ಸಲ ಹೋಗಬಹುದಾ? ಚುಕ್ಕಿಗೆ ಎಷ್ಟು ಸಲ ಬಂದರೂ ಪರವಾಗಿಲ್ಲ. ಎರಡು, ಈ 16 ಚುಕ್ಕಿಗಳಿಗೂ ಒಂದೊಂದೇ ಸಲ ಹೋಗಬಹುದಾ? ಗೆರೆಗಳು ಉಳಿದರೂ ಪರವಾಗಿಲ್ಲ. ಎರಡನೆಯದು ನಿನ್ನ ಕುದುರೆ ಪ್ರಶ್ನೆ. ಮೊದಲನೆಯದನ್ನು ಮೊದಲು ಮಾಡು."

ನನಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕಂಡವು. ಮೊದಲನೆಯದರಲ್ಲಿ 24 ಗೆರೆ, ಎರಡನೆಯದರಲ್ಲಿ 16 ಚುಕ್ಕಿ. ಹಾಗಾಗಿ ಎರಡನೆಯದೇ ಸುಲಭ ಇರಬೇಕು ಎಂದುಕೊಂಡೆ. ಅದು ಪೂರ್ತಿ ತಪ್ಪು.

ಮೊದಲನೇ ಪ್ರಶ್ನೆಗೆ ಉತ್ತರ ಐದು ನಿಮಿಷದಲ್ಲಿ ಸಿಕ್ಕಿತು. ಪೆನ್ನು ಒಂದು ಚುಕ್ಕಿಗೆ ಬಂದರೆ ಒಂದು ಗೆರೆ ಖರ್ಚು, ಅಲ್ಲಿಂದ ಹೊರಟರೆ ಇನ್ನೊಂದು ಗೆರೆ ಖರ್ಚು. ಅಂದರೆ ಪ್ರತಿ ಸಲ ಹಾದುಹೋದಾಗ ಎರಡು ಗೆರೆ ಜೋಡಿಯಾಗಿ ಹೋಗುತ್ತವೆ. ಒಂದು ಚುಕ್ಕಿಗೆ ಮೂರು ಗೆರೆ ಇದ್ದರೆ ಒಂದು ಜೋಡಿ ಹೋಗಿ ಒಂದು ಗೆರೆ ಒಂಟಿಯಾಗಿ ಉಳಿಯುತ್ತದೆ. ಆ ಒಂಟಿ ಗೆರೆಗೆ ಲೆಕ್ಕ ಸರಿಹೋಗಬೇಕಾದರೆ ಪೆನ್ನು ಆ ಚುಕ್ಕಿಯಲ್ಲೇ ಶುರುವಾಗಿರಬೇಕು, ಇಲ್ಲವೇ ಅಲ್ಲೇ ಮುಗಿದಿರಬೇಕು. ಒಂದು ದಾರಿಗೆ ಶುರು ಒಂದು, ಕೊನೆ ಒಂದು. ಆದ್ದರಿಂದ ಬೆಸ ಸಂಖ್ಯೆಯ ಗೆರೆ ಇರುವ ಚುಕ್ಕಿಗಳು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ನಮ್ಮ ಚಿತ್ರದಲ್ಲಿ ಅಂಥವು ಎಂಟು. ಆಗುವುದಿಲ್ಲ, ಮುಗಿಯಿತು. ದಾದಾ ಕೇಳಿದರೆ ಧೈರ್ಯವಾಗಿ "ಹೋತಾಚ್ ನೈ" ಎನ್ನಬಹುದು.

ಇದನ್ನು ಮೊದಲು ಕಂಡವನು ಲಿಯೊನಾರ್ಡ್ ಆಯ್ಲರ್. ಆಗಿನ ಪ್ರಷ್ಯಾದ ಕೋನಿಗ್ಸ್‌ಬರ್ಗ್ ಊರಿನಲ್ಲಿ ನದಿಗೆ ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎಂಬುದು ಪ್ರಶ್ನೆ. ನೆಲದ ನಾಲ್ಕು ಭಾಗಗಳಲ್ಲಿ ಒಂದಕ್ಕೆ ಐದು ಸೇತುವೆ, ಉಳಿದ ಮೂರಕ್ಕೆ ಮೂರು ಮೂರು. ನಾಲ್ಕೂ ಬೆಸ. ಆದ್ದರಿಂದ ಸಾಧ್ಯವಿಲ್ಲ ಎಂದು 1736ರಲ್ಲಿ ಆಯ್ಲರ್ ತೋರಿಸಿದ. ಅವನ ಹೆಸರಿನಿಂದಲೇ ಎಲ್ಲ ಗೆರೆ ಮುಗಿಸುವ ದಾರಿಗೆ ಆಯ್ಲರ್ ದಾರಿ ಎನ್ನುತ್ತಾರೆ. ಎಲ್ಲ ಚುಕ್ಕಿ ಮುಗಿಸುವ ದಾರಿಗೆ ಹ್ಯಾಮಿಲ್ಟನ್ ದಾರಿ ಎಂದು ಹೆಸರು. ವಿಲಿಯಂ ಹ್ಯಾಮಿಲ್ಟನ್ ಐರ್ಲೆಂಡಿನ ಗಣಿತಜ್ಞ. ಇಪ್ಪತ್ತು ಮೂಲೆಗಳ ಒಂದು ಆಕೃತಿಯ ಎಲ್ಲ ಮೂಲೆಗಳನ್ನೂ ಒಂದೊಂದು ಸಲ ಮುಟ್ಟಿ ಬರುವ ಆಟವನ್ನು 1857ರಲ್ಲಿ ರೂಪಿಸಿದವನು.

ಇಲ್ಲಿ ನನಗೊಂದು ಅನುಮಾನ ಬಂತು. ಬೆಸ ಚುಕ್ಕಿಗಳು ಹೆಚ್ಚಿದ್ದರೆ ಆಗುವುದಿಲ್ಲ ಎನ್ನುವುದು ಸರಿ. ಆದರೆ ಎಲ್ಲವೂ ಸಮ ಇದ್ದರೆ ಖಂಡಿತ ಆಗುತ್ತದೆಯೇ? ಅಕೌಂಟೆನ್ಸಿ ಓದುವವರಿಗೆ ಈ ಅನುಮಾನ ಬರಲೇಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ತಪ್ಪಿದೆ ಎನ್ನುವುದು ಖಚಿತ. ತಾಳೆಯಾದರೆ ತಪ್ಪಿಲ್ಲ ಎಂದು ಹೇಳಲಾಗದು. ಒಂದು ವ್ಯವಹಾರವನ್ನೇ ಪೂರ್ತಿ ಬರೆಯದೆ ಬಿಟ್ಟಿದ್ದರೂ ಎರಡೂ ಕಡೆ ಸಮನಾಗಿಯೇ ಬರುತ್ತದೆ.

ಆದರೆ ಆಯ್ಲರ್ ಪ್ರಶ್ನೆಯಲ್ಲಿ ತಾಳೆಯಾದರೆ ಸಾಕು. ಗೆರೆಗಳೆಲ್ಲ ಒಂದೇ ಚಿತ್ರವಾಗಿ ಸೇರಿಕೊಂಡಿದ್ದು, ಎಲ್ಲ ಚುಕ್ಕಿಗಳೂ ಸಮವಾಗಿದ್ದರೆ ದಾರಿ ಇದ್ದೇ ಇರುತ್ತದೆ. ಇದರ ಪೂರ್ತಿ ಕಾರಣ ಕೊಟ್ಟವನು ಕಾರ್ಲ್ ಹಿಯರ್‌ಹೋಲ್ಸರ್ ಎಂಬ ಜರ್ಮನ್ ಗಣಿತಜ್ಞ. ಅವನು 1871ರಲ್ಲಿ ತೀರಿಕೊಂಡ ಮೇಲೆ, ಗೆಳೆಯರು ನೆನಪಿನಿಂದ ಬರೆದು 1873ರಲ್ಲಿ ಪ್ರಕಟಿಸಿದರು. ಅವನ ಕ್ರಮ ಬಹಳ ಸರಳ. ಯಾವುದಾದರೂ ಚುಕ್ಕಿಯಿಂದ ಮನಸ್ಸಿಗೆ ಬಂದಂತೆ ಹೊರಡಿ. ಎಲ್ಲವೂ ಸಮ ಇರುವುದರಿಂದ ಒಳಗೆ ಹೋದಲ್ಲೆಲ್ಲ ಹೊರಬರಲು ಗೆರೆ ಇರುತ್ತದೆ. ಕೊನೆಗೆ ಹೊರಟ ಜಾಗದಲ್ಲೇ ಬಂದು ನಿಲ್ಲುತ್ತೀರಿ. ಆಗ ಕೆಲವು ಗೆರೆಗಳು ಉಳಿದಿರಬಹುದು, ಚಿಂತೆಯಿಲ್ಲ. ನೀವು ಹಾದುಬಂದ ಯಾವುದೋ ಚುಕ್ಕಿಯಲ್ಲಿ ಆ ಉಳಿದ ಗೆರೆ ತಾಗಿಕೊಂಡಿರುತ್ತದೆ. ಅಲ್ಲಿಂದ ಇನ್ನೊಂದು ಸುತ್ತು ಹೊಡೆಯಿರಿ. ಅದೂ ಅಲ್ಲಿಗೇ ಮರಳುತ್ತದೆ. ಆ ಸುತ್ತನ್ನು ಮೊದಲಿನ ದಾರಿಯ ಮಧ್ಯಕ್ಕೆ ಹೊಲಿದುಬಿಡಿ. ಗೆರೆ ಮುಗಿಯುವವರೆಗೂ ಹೀಗೇ ಮಾಡಿ.

ಗಮನಿಸಿ, ಇಲ್ಲಿ ತಪ್ಪು ತಿರುವು ಎನ್ನುವುದೇ ಇಲ್ಲ. ಮೊದಲು ಎಲ್ಲಿ ತಿರುಗಿದರೂ ಆಮೇಲೆ ಸರಿಮಾಡಬಹುದು. ಸರಿಮಾಡಲು ಸಾಧ್ಯವಾಗುವುದು ಒಂದೇ ಕಾರಣಕ್ಕೆ. ಅದೇ ಚುಕ್ಕಿಗೆ ಮತ್ತೆ ಬರಲು ನಮಗೆ ಅನುಮತಿ ಇದೆ.

ಹ್ಯಾಮಿಲ್ಟನ್ ಪ್ರಶ್ನೆಯಲ್ಲಿ ಆ ಅನುಮತಿಯೇ ಇಲ್ಲ. ಎಲ್ಲ ವ್ಯತ್ಯಾಸ ಇರುವುದು ಅಲ್ಲಿ. ಒಂದು ಸಣ್ಣ ಚಿತ್ರ ನೋಡಿ. ನಡುವೆ ಒಂದು ಚುಕ್ಕಿ ಇಡಿ. ಅದಕ್ಕೆ ತಾಗಿದಂತೆ ಮೂರು ತ್ರಿಕೋನಗಳನ್ನು ಬರೆಯಿರಿ, ಹೂವಿನ ಮೂರು ದಳದ ಹಾಗೆ. ಒಟ್ಟು ಏಳು ಚುಕ್ಕಿ, ಒಂಬತ್ತು ಗೆರೆ. ಗೆರೆಗಳ ಪ್ರಶ್ನೆಗೆ ಇದು ಮಕ್ಕಳಾಟ. ನಡುವಿನಿಂದ ಹೊರಟು ಒಂದು ದಳ ಸುತ್ತಿ ನಡುವಿಗೆ ಬನ್ನಿ, ಎರಡನೇ ದಳ ಸುತ್ತಿ ಬನ್ನಿ, ಮೂರನೆಯದನ್ನೂ ಸುತ್ತಿ ಬನ್ನಿ. ಈಗ ಚುಕ್ಕಿಗಳ ಪ್ರಶ್ನೆ ಕೇಳಿ. ಒಂದು ದಳದಿಂದ ಇನ್ನೊಂದಕ್ಕೆ ಹೋಗಲು ನಡುವಿನ ಚುಕ್ಕಿಯನ್ನೇ ದಾಟಬೇಕು. ಅದನ್ನು ಒಂದೇ ಸಲ ದಾಟಬಹುದು. ಎರಡು ದಳ ಮುಗಿದವು, ಮೂರನೆಯದು ಹೊರಗೇ ಉಳಿಯಿತು. ಚಿತ್ರ ಒಂದೇ, ಒಂದು ಪ್ರಶ್ನೆಗೆ ಹೌದು, ಇನ್ನೊಂದಕ್ಕೆ ಇಲ್ಲ.

ಈ ಹೂವಿನಲ್ಲಿ ತೊಂದರೆ ಕಣ್ಣಿಗೆ ಕಾಣುತ್ತದೆ. ಹದಿನಾರು ಮನೆಯಲ್ಲಿ ಕಾಣುವುದಿಲ್ಲ. ಮೂರನೇ ನಡೆಯಲ್ಲಿ ಮಾಡಿದ ಆಯ್ಕೆಯ ಫಲ ಹದಿನಾಲ್ಕನೇ ನಡೆಯಲ್ಲಿ ಗೊತ್ತಾಗುತ್ತದೆ. ಆಗ ಹೊಲಿಗೆ ಹಾಕಿ ಸರಿಮಾಡುವ ಹಾಗಿಲ್ಲ. ಬಿಚ್ಚಿ ಮತ್ತೆ ಮೊದಲಿನಿಂದ ಮಾಡಬೇಕು. ನನ್ನ ಇಪ್ಪತ್ತು ಹಾಳೆಗಳ ಕಥೆ ಅದೇ.

ಹಾಗಾದರೆ ಬೆಸ–ಸಮದ ಹಾಗೆ ಇದಕ್ಕೂ ಒಂದು ಪರೀಕ್ಷೆ ಇಲ್ಲವೇ? ಕೆಲವು ಇವೆ. ಚೆಸ್ ಬೋರ್ಡಿನ ಬಣ್ಣ ಅಂಥದ್ದು. ಕುದುರೆ ಪ್ರತಿ ನಡೆಯಲ್ಲೂ ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಹೋಗುತ್ತದೆ. ಐದಕ್ಕೆ ಐದರ ಬೋರ್ಡಿನಲ್ಲಿ ಮೂಲೆಯ ಮನೆಗಳು ಕಪ್ಪಾಗಿದ್ದರೆ ಕಪ್ಪು 13, ಬಿಳಿ 12 ಇರುತ್ತವೆ. ಬಿಳಿಯಿಂದ ಹೊರಟರೆ ಬಿಳಿ, ಕಪ್ಪು, ಬಿಳಿ, ಕಪ್ಪು ಎಂದು ಹೋಗುತ್ತಾ ಇಪ್ಪತ್ತೈದನೆಯದು ಬಿಳಿಯೇ ಆಗಬೇಕು, ಅಂದರೆ ಬಿಳಿ 13 ಬೇಕು. ಇರುವುದು 12. ಆದ್ದರಿಂದ ಬಿಳಿಯಿಂದ ಹೊರಟರೆ ಎಂದಿಗೂ ಮುಗಿಯುವುದಿಲ್ಲ. ಒಂದು ಮನೆಯನ್ನೂ ನಡೆಯದೆ ಇಷ್ಟು ಹೇಳಬಹುದು.

ಆದರೆ ಈ ಪರೀಕ್ಷೆ ನಿಜವಾಗಿ ಟ್ರಯಲ್ ಬ್ಯಾಲೆನ್ಸ್ ಥರದ್ದು. ತಾಳೆಯಾಗದಿದ್ದರೆ ದಾರಿ ಇಲ್ಲ. ತಾಳೆಯಾದರೆ ಏನೂ ಗೊತ್ತಾಗುವುದಿಲ್ಲ. ನನ್ನ ಹದಿನಾರು ಮನೆಯಲ್ಲಿ ಕಪ್ಪು ಎಂಟು, ಬಿಳಿ ಎಂಟು. ಬಣ್ಣದ ಕಡೆಯಿಂದ ಯಾವ ತಕರಾರೂ ಇಲ್ಲ. ಆದರೂ ದಾರಿ ಸಿಗುತ್ತಿರಲಿಲ್ಲ.

ಮಿಸ್ ಒಂದು ಸುಳಿವು ಕೊಟ್ಟರು: "ಮೂಲೆಗಳನ್ನು ನೋಡು." ಮೂಲೆಗೆ ಎರಡೇ ಗೆರೆ, ಆದ್ದರಿಂದ ಅಲ್ಲಿ ಆಯ್ಕೆ ಕಡಿಮೆ. ಆ ಭಾನುವಾರ ಕೂತು ಮಾಡಿದ್ದನ್ನು ಮೇಲಿನ ನಂಬರುಗಳೊಂದಿಗೆ ಬರೆಯುತ್ತೇನೆ. ಪೆನ್ಸಿಲ್ ಹಿಡಿದು ಓದಿದರೆ ಒಳ್ಳೆಯದು.

ಮನೆ 1ರಿಂದ ಕುದುರೆ 7ಕ್ಕೆ ಅಥವಾ 10ಕ್ಕೆ ಹೋಗಬಹುದು. ಎದುರು ಮೂಲೆಯ 16ರಿಂದಲೂ ಅದೇ 7 ಮತ್ತು 10. ಈಗ 1 ಮತ್ತು 16 ಎರಡೂ ದಾರಿಯ ಮಧ್ಯದಲ್ಲಿ ಬಂದವು ಎಂದುಕೊಳ್ಳಿ. ಮಧ್ಯದ ಮನೆಗೆ ಒಳಬರಲು ಒಂದು ಗೆರೆ, ಹೊರಹೋಗಲು ಒಂದು ಗೆರೆ ಬೇಕು. ಎರಡಕ್ಕೂ ಇರುವುದು ಎರಡೇ ಗೆರೆ, ಹಾಗಾಗಿ ಎಲ್ಲವನ್ನೂ ಬಳಸಲೇಬೇಕು. ಆಗ 1, 7, 16, 10, ಮತ್ತೆ 1 ಎಂದು ನಾಲ್ಕು ಮನೆಯ ಒಂದು ಸುತ್ತು ಮುಚ್ಚಿಕೊಳ್ಳುತ್ತದೆ. ಅದರೊಳಗಿನಿಂದ ಹೊರಬರುವ ಹಾಗಿಲ್ಲ. ಆದ್ದರಿಂದ 1 ಮತ್ತು 16ರಲ್ಲಿ ಒಂದಾದರೂ ದಾರಿಯ ತುದಿಯಾಗಿರಬೇಕು.

ಇದೇ ರೀತಿ 4ರಿಂದ 6 ಮತ್ತು 11ಕ್ಕೆ ಹೋಗಬಹುದು, 13ರಿಂದಲೂ ಅದೇ 6 ಮತ್ತು 11. ಆದ್ದರಿಂದ 4 ಮತ್ತು 13ರಲ್ಲಿಯೂ ಒಂದು ತುದಿಯಾಗಿರಬೇಕು. ದಾರಿಗೆ ಇರುವುದು ಎರಡೇ ತುದಿ, ಎರಡೂ ಇಲ್ಲಿಗೇ ಖರ್ಚಾದವು.

ಈಗ 1ರಿಂದ ಹೊರಟೆವು ಎನ್ನೋಣ. 16 ಆಗಿದ್ದರೆ ಹಾಳೆಯನ್ನು ತಲೆಕೆಳಗು ಮಾಡಿದರೆ ಆಯಿತು. 1 ತುದಿ ಆದ್ದರಿಂದ 16 ಮಧ್ಯದ ಮನೆ, ಅದರ ಒಂದು ಪಕ್ಕ 7, ಇನ್ನೊಂದು ಪಕ್ಕ 10 ಇರಲೇಬೇಕು. 1ರಿಂದ ಮೊದಲ ನಡೆ 7ಕ್ಕೆ ಅಥವಾ 10ಕ್ಕೆ. 7ಕ್ಕೆ ಹೋದರೆ ಮುಂದಿನದು 16, ಆಮೇಲೆ 10. 10ಕ್ಕೆ ಹೋದರೆ ಮುಂದಿನದು 16, ಆಮೇಲೆ 7. ಹೇಗೆ ಹೋದರೂ ಮೊದಲ ನಾಲ್ಕು ಮನೆಗಳು 1, 7, 10, 16 ಇವೇ. ಇದೇ ಮಾತನ್ನು ಇನ್ನೊಂದು ತುದಿಗೆ ಹೇಳಿದರೆ ಕೊನೆಯ ನಾಲ್ಕು ಮನೆಗಳು 4, 6, 11, 13.

ಉಳಿದದ್ದು ಅಂಚಿನ ಎಂಟು ಮನೆಗಳು: 2, 3, 5, 8, 9, 12, 14, 15. ದಾರಿಯ ಮಧ್ಯಭಾಗದಲ್ಲಿ ಈ ಎಂಟನ್ನೂ ಒಂದರ ಹಿಂದೆ ಒಂದರಂತೆ, ಬೇರೆ ಯಾವ ಮನೆಯನ್ನೂ ಮುಟ್ಟದೆ ಮುಗಿಸಬೇಕು. ಈ ಎಂಟರ ನಡುವೆ ಇರುವ ಗೆರೆಗಳನ್ನು ಮಾತ್ರ ನೋಡಿ. 2, 9, 15, 8 ಇವು ನಾಲ್ಕು ಒಂದು ಸುತ್ತು. 3, 12, 14, 5 ಇವು ನಾಲ್ಕು ಇನ್ನೊಂದು ಸುತ್ತು. ಒಂದು ಸುತ್ತಿನಿಂದ ಇನ್ನೊಂದಕ್ಕೆ ಒಂದೇ ಒಂದು ಗೆರೆಯೂ ಇಲ್ಲ. ಅವು ನೀರಿನಲ್ಲಿ ಬೇರೆ ಬೇರೆಯಾಗಿ ನಿಂತ ಎರಡು ದ್ವೀಪಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವಿನ 6, 7, 10, 11ರಲ್ಲಿ ಒಂದು ಬೇಕೇ ಬೇಕು, ಆ ನಾಲ್ಕೂ ಮೂಲೆಗಳಿಗಾಗಿ ಆಗಲೇ ಹೋಗಿವೆ.

ಆಗುವುದೇ ಇಲ್ಲ. ನನ್ನ ಹದಿನೈದು ಮನೆಯ ದಾರಿಯನ್ನು ಮತ್ತೆ ನೋಡಿದೆ. 3, 5, 14, 12 ದ್ವೀಪದಿಂದ 6, 4, 11 ಮೇಲೆ ಹಾದು 2, 9, 15, 8 ದ್ವೀಪಕ್ಕೆ ದಾಟಿದ್ದೆ. ಆ ಸೇತುವೆಗೆ 6 ಮತ್ತು 11 ಎರಡನ್ನೂ ಕೊಟ್ಟಿದ್ದರಿಂದಲೇ 13 ಅನಾಥವಾಗಿತ್ತು. ಎಂಟು ದಿನ ಕಾಡಿದ ಮನೆ ಯಾಕೆ ಕಾಡಿತು ಎಂದು ಆಗ ತಿಳಿಯಿತು.

ದಾದಾಗೆ ಪೂರ್ತಿ ವಿವರಿಸಿದೆ. ಅವರು ನಿಜವಾದ ಕುದುರೆಯನ್ನು ತಂದು, ಹಾಳೆಯ ಮೇಲೆ ಓಡಿಸಿ, ಮೂಲೆಗಳನ್ನು ಎರಡೆರಡು ಸಲ ನೋಡಿ "ಸಹಿ ಹೈ" ಎಂದರು. ಆಮೇಲೆ ಕೇಳಿದರು, "ಹಾಗಾದರೆ ಐದು ಸಾಲಿಗೆ? ಆರು ಸಾಲಿಗೆ?"

ಅಲ್ಲೇ ಇರುವುದು ತೊಂದರೆ. ನನ್ನ ಕಾರಣ ಈ ಹದಿನಾರು ಮನೆಗೆ ಮಾತ್ರ ಹೊಂದುವ ಕಾರಣ. ಬೇರೆ ಚಿತ್ರ ಕೊಟ್ಟರೆ ಬೇರೆ ಕಾರಣವನ್ನೇ ಹುಡುಕಬೇಕು, ಸಿಗದೆಯೂ ಇರಬಹುದು. ಆಯ್ಲರನ ಬೆಸ–ಸಮ ಯಾವ ಚಿತ್ರಕ್ಕಾದರೂ ನಡೆಯುತ್ತದೆ. ಅದೇ ಆಯ್ಲರ್ 1759ರಲ್ಲಿ ಚೆಸ್ ಕುದುರೆಯ ದಾರಿಗಳ ಬಗ್ಗೆಯೂ ಲೇಖನ ಬರೆದ. ಅಪೂರ್ಣ ದಾರಿಯನ್ನು ಹೇಗೆ ಕತ್ತರಿಸಿ, ತಿರುಗಿಸಿ, ಜೋಡಿಸಿ ಪೂರ್ತಿ ಮಾಡಬಹುದು ಎಂದು ಅದರಲ್ಲಿ ತೋರಿಸಿದ. ಆದರೆ ಸೇತುವೆಗಳಿಗೆ ಕೊಟ್ಟಂಥ ಒಂದು ನಿಯಮವನ್ನು ಕುದುರೆಗೆ ಕೊಡಲು ಅವನಿಗೂ ಆಗಲಿಲ್ಲ. ಕುದುರೆಯ ದಾರಿ ಅವನಿಗಿಂತ ಬಹಳ ಹಳೆಯದು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಕಾಲದ ಶತರಂಜ್ ಆಟಗಾರ ಅಲ್ ಅದ್ಲಿಯ ಹೆಸರಿನಲ್ಲಿ ಇಡೀ ಬೋರ್ಡ್ ಸುತ್ತುವ ದಾರಿ ಉಳಿದುಬಂದಿದೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಇಂಥ ದಾರಿಗಳನ್ನು ರಚಿಸಿದ್ದರು.

ಅಂದರೆ ಅರವತ್ತನಾಲ್ಕು ಮನೆಯ ಬೋರ್ಡಿನಲ್ಲಿ ದಾರಿ ಇದೆ, ಬೇಕಾದಷ್ಟಿವೆ. 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬವನು ಒಂದು ಉಪಾಯವನ್ನೂ ಹೇಳಿದ. ಮುಂದೆ ಹೋಗಲು ಅತಿ ಕಡಿಮೆ ದಾರಿ ಇರುವ ಮನೆಗೆ ಮೊದಲು ಹೋಗು, ಏಕೆಂದರೆ ಅದನ್ನು ಆಮೇಲೆಂದು ಬಿಟ್ಟರೆ ಸಿಗದೆ ಹೋಗಬಹುದು. ಇದು ಬಹಳ ಸಲ ಫಲಿಸುತ್ತದೆ, ಆದರೆ ಖಾತ್ರಿ ಇಲ್ಲ. ಎರಡು ಮನೆ ಸಮವಾಗಿ ಕಂಡಾಗ ತಪ್ಪಿದ್ದನ್ನು ಆರಿಸಿ ಸಿಕ್ಕಿಹಾಕಿಕೊಳ್ಳಬಹುದು. ಮುಖ್ಯವಾಗಿ, ಉಪಾಯ ಫಲಿಸದಿದ್ದರೆ ದಾರಿ ಇಲ್ಲ ಎಂದು ಅದು ಹೇಳುವುದಿಲ್ಲ. ಮತ್ತೆ ದಾದಾ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಕಂಪ್ಯೂಟರಿಗೆ ಕೊಟ್ಟು ಎಲ್ಲ ಕ್ರಮಗಳನ್ನೂ ನೋಡಿಸಿದರೆ ಆಗದೇ? ಹದಿನಾರು ಮನೆಗಳನ್ನು ಸಾಲಾಗಿ ಬರೆಯುವ ಕ್ರಮಗಳು ಸುಮಾರು 21 ಲಕ್ಷ ಕೋಟಿ. ಅಷ್ಟನ್ನೂ ನೋಡಬೇಕಾಗಿಲ್ಲ. 1962ರಲ್ಲಿ ಬೆಲ್‌ಮನ್, ಮತ್ತು ಅದೇ ವರ್ಷ ಹೆಲ್ಡ್ ಹಾಗೂ ಕಾರ್ಪ್, ಜಾಣತನದ ಒಂದು ಲೆಕ್ಕ ಕೊಟ್ಟರು. ಯಾವ ಮನೆಗಳು ಮುಗಿದಿವೆ, ಈಗ ಯಾವ ಮನೆಯಲ್ಲಿದ್ದೇವೆ, ಇಷ್ಟೇ ನೆನಪಿಟ್ಟರೆ ಸಾಕು. ಯಾವ ಕ್ರಮದಲ್ಲಿ ಬಂದೆವು ಎನ್ನುವುದು ಬೇಡ. ಆಗ ಹದಿನಾರು ಮನೆಗೆ 65,536 ಗುಂಪು, ಪ್ರತಿ ಗುಂಪಿಗೆ ಹೆಚ್ಚೆಂದರೆ ಹದಿನಾರು ಕೊನೆಯ ಮನೆ, ಅಂದರೆ ಸುಮಾರು ಹತ್ತೂವರೆ ಲಕ್ಷ ಸಾಲಿನ ಪಟ್ಟಿ. ಕಂಪ್ಯೂಟರಿಗೆ ಇದು ಏನೂ ಅಲ್ಲ.

ಆದರೆ ಒಂದು ಮನೆ ಹೆಚ್ಚಿಸಿದರೆ ಗುಂಪುಗಳು ಎರಡರಷ್ಟಾಗುತ್ತವೆ. ದಾದಾ ನನಗೆ ಚಿಕ್ಕಂದಿನಲ್ಲಿ ಹೇಳಿದ್ದ ಶತರಂಜಿನ ಕಥೆ ನಿಮಗೂ ಗೊತ್ತಿರಬಹುದು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳಿ ರಾಜನ ಕಣಜ ಬರಿದು ಮಾಡಿದವನ ಕಥೆ. ಅರವತ್ತನಾಲ್ಕು ಮನೆಗೆ ಈ ಪಟ್ಟಿಯ ಗುಂಪುಗಳು 1,84,46,74,40,73,70,95,51,616. ಆ ಕಥೆಯ ಒಟ್ಟು ಕಾಳುಗಳಿಗಿಂತ ಸರಿಯಾಗಿ ಒಂದು ಹೆಚ್ಚು. ಅದೇ ಬೋರ್ಡಿನಲ್ಲಿ ಕುದುರೆಯ ಗೆರೆಗಳು 168. ಗೆರೆಗಳ ಪ್ರಶ್ನೆಗಾದರೆ ಅರವತ್ತನಾಲ್ಕು ಚುಕ್ಕಿಗಳ ಗೆರೆ ಎಣಿಸಿ ಬೆಸ ಎಷ್ಟು ಎಂದು ನೋಡಿದರೆ ಕೆಲಸ ಮುಗಿಯಿತು. ಎಣಿಸಿ ನೋಡಿದೆ, ಅಲ್ಲಿಯೂ ಬೆಸ ಚುಕ್ಕಿಗಳು ಎಂಟೇ.

ಹತ್ತು ವರ್ಷದ ನಂತರ, 1972ರಲ್ಲಿ, ಅದೇ ರಿಚರ್ಡ್ ಕಾರ್ಪ್ ಒಂದು ಪಟ್ಟಿ ಪ್ರಕಟಿಸಿದ. ಅದರಲ್ಲಿ 21 ಪ್ರಶ್ನೆಗಳಿವೆ, ಹ್ಯಾಮಿಲ್ಟನ್ ಸುತ್ತು ಅವುಗಳಲ್ಲೊಂದು. ನೋಡಲು ಬೇರೆ ಬೇರೆಯಾದ ಈ ಪ್ರಶ್ನೆಗಳು ಒಳಗೆ ಒಂದಕ್ಕೊಂದು ಕಟ್ಟಿಕೊಂಡಿವೆ. ಯಾವ ಒಂದಕ್ಕಾದರೂ ಎಲ್ಲ ಸಂದರ್ಭದಲ್ಲೂ ನಡೆಯುವ ವೇಗದ ವಿಧಾನ ಸಿಕ್ಕಿದರೆ ಎಲ್ಲಕ್ಕೂ ಸಿಗುತ್ತದೆ. ಇವುಗಳ ಇನ್ನೊಂದು ಗುಣ ನಮ್ಮ ಆಡಿಟಿಂಗ್‌ಗೆ ಹತ್ತಿರ. ಯಾರಾದರೂ ದಾರಿಯನ್ನು ಬರೆದುಕೊಟ್ಟರೆ ಸರಿಯಿದೆಯೇ ಎಂದು ವೋಚರ್ ನೋಡಿದ ಹಾಗೆ ಒಂದೊಂದೇ ನಡೆ ನೋಡಿ ಹೇಳಬಹುದು. ಈ ಲೇಖನದ ಆರಂಭದ ಹನ್ನೆರಡು ಮನೆಯ ದಾರಿಯನ್ನು ನೀವು ಒಂದು ನಿಮಿಷದಲ್ಲಿ ಪರೀಕ್ಷಿಸಬಲ್ಲಿರಿ. ಆದರೆ "ದಾರಿ ಇಲ್ಲ" ಎನ್ನುವವನ ಹತ್ತಿರ ತೋರಿಸಲು ಅಂಥ ವೋಚರ್ ಇರುವುದಿಲ್ಲ. ನನಗೆ ಹದಿನಾರು ಮನೆಗೆ ಸಿಕ್ಕಿದ ಹಾಗೆ ಒಂದು ಕಾರಣ ಸಿಕ್ಕಬೇಕು, ಇಲ್ಲವೇ ಎಲ್ಲವನ್ನೂ ನೋಡಬೇಕು.

ಇಲ್ಲಿ ಒಂದು ಮಾತು ಎಚ್ಚರಿಕೆಯಿಂದ ಬರೆಯಬೇಕು. ವೇಗದ ವಿಧಾನ ಇಲ್ಲ ಎಂದು ಯಾರೂ ಸಾಧಿಸಿಲ್ಲ. ಇದೆ ಎಂದೂ ತೋರಿಸಿಲ್ಲ. 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ ಈ ಪ್ರಶ್ನೆಗೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು, ಅದು ಇನ್ನೂ ಹಾಗೇ ಇದೆ. ಅಂದರೆ ಇಡೀ ಲೋಕದ ಗಣಿತಜ್ಞರೂ ಈ ವಿಷಯದಲ್ಲಿ ಸದ್ಯಕ್ಕೆ "ನಮ್ಮಿಂದ ಆಗಲಿಲ್ಲ" ಎನ್ನುವ ಜಾಗದಲ್ಲೇ ಇದ್ದಾರೆ. "ಆಗುವುದೇ ಇಲ್ಲ" ಎನ್ನುವ ಜಾಗಕ್ಕೆ ಬಂದಿಲ್ಲ.

ಸೋಮವಾರ ಗೆಳತಿಗೆ ಹಾಳೆ ಕೊಟ್ಟು, "ಅವತ್ತು ಗೊತ್ತಿಲ್ಲದೆ ಹೇಳಿದ್ದೆ, ಇವತ್ತು ಗೊತ್ತಿದ್ದು ಹೇಳುತ್ತೇನೆ, ಆಗಲ್ಲ" ಎಂದೆ. ಅವಳು ಮೂಲೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ದ್ವೀಪಗಳ ಹತ್ತಿರ ಬಂದಾಗ ನಕ್ಕು, ತಮ್ಮನಿಗೆ ತೋರಿಸಬೇಕು ಎಂದು ಹಾಳೆ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಳು.

ಐದಕ್ಕೆ ಐದರ ಬೋರ್ಡಿನಲ್ಲಿ ಕಪ್ಪು ಮೂಲೆಯಿಂದ ಹೊರಟರೆ ಇಪ್ಪತ್ತೈದು ಮನೆಯೂ ಮುಗಿಯುವ ದಾರಿ ಇದೆ. ನಾನು ಕಂಡುಕೊಂಡಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಆದರೆ ಇನ್ನೊಂದು ಪ್ರಶ್ನೆ ಬಿಡುತ್ತೇನೆ. ಆ ಬೋರ್ಡಿನಲ್ಲಿ ಇಪ್ಪತ್ತೈದು ಮನೆ ಮುಗಿಸಿ, ಇಪ್ಪತ್ತೈದನೇ ನಡೆಗೆ ಹೊರಟ ಮನೆಗೇ ಮರಳಲು ಆಗುತ್ತದೆಯೇ? ಬಣ್ಣ ನೋಡಿ ಹೇಳಬಹುದು. ಕಾರಣ ಸಿಕ್ಕಿದವರು ಸೆಕೆಂಡ್ ಪಿಯುಸಿ ಕಾಮರ್ಸ್ ‘ಬಿ’ ಸೆಕ್ಷನ್ನಿನ ಮೂರನೇ ಬೆಂಚಿಗೆ ಬಂದು ತಿಳಿಸಿ. ಹಾಳೆಗಳು ಇನ್ನೂ ಉಳಿದಿವೆ.